ಬೋನಸ್ ಷೇರು, ಷೇರು ವಿಭಜನೆ: ಬೆಲೆ ಇಳಿದರೂ ದುಡ್ಡು ಹೋಗಲ್ಲ, ಆದರೆ ತೆರಿಗೆಯಲ್ಲಿ ಎರಡೂ ಒಂದೇ ಅಲ್ಲ

ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ಆ್ಯಪ್ ತೆರೆದರೆ ಷೇರು ಶೇ. 90 ಬಿದ್ದಿದೆ ಅಂತ ತೋರಿಸುತ್ತಿದೆ. ನನ್ನ ದುಡ್ಡು ಹೋಯ್ತಾ?

ಹೋಗಿಲ್ಲ. ಈ ಗಾಬರಿ ತುಂಬಾ ಜನರಿಗೆ ಆಗಿದೆ. 2025ರ ಜೂನ್ 16ರ ಬೆಳಗ್ಗೆ ಬಜಾಜ್ ಫೈನಾನ್ಸ್ ಷೇರು ಇಟ್ಟುಕೊಂಡಿದ್ದವರಿಗೆ ಆಗಿದ್ದು ಇದೇ. ಹಿಂದಿನ ವಹಿವಾಟಿನ ದಿನ 9,300 ರೂಪಾಯಿ ಆಸುಪಾಸಿನಲ್ಲಿದ್ದ ಷೇರು ಅವತ್ತು 930ರ ಆಸುಪಾಸಿನಲ್ಲಿ ಕಾಣಿಸಿತು. ಕಂಪನಿಯಲ್ಲಿ ಕೆಟ್ಟದ್ದೇನೂ ಆಗಿರಲಿಲ್ಲ. ಒಂದೇ ದಿನ ಎರಡು ಕೆಲಸ ಜಾರಿಗೆ ಬಂದಿದ್ದವು. 2 ರೂಪಾಯಿ ಮುಖಬೆಲೆಯ ಒಂದು ಷೇರನ್ನು 1 ರೂಪಾಯಿಯ ಎರಡು ಷೇರು ಮಾಡಿದರು. ಮುಖಬೆಲೆ ಅಂದರೆ ಕಂಪನಿಯ ಪುಸ್ತಕದಲ್ಲಿ ಷೇರಿಗೆ ಗೊತ್ತುಮಾಡಿದ ಬೆಲೆ, ಪೇಟೆಯ ಬೆಲೆ ಅಲ್ಲ. ಹಾಗೆ ಆದ ಪ್ರತಿ ಷೇರಿಗೆ ನಾಲ್ಕು ಬೋನಸ್ ಷೇರು ಕೊಟ್ಟರು. ಒಂದು ಎರಡಾಯಿತು, ಎರಡು ಹತ್ತಾಯಿತು. ಷೇರು ಹತ್ತು ಪಟ್ಟು ಆದಾಗ ಬೆಲೆ ಹತ್ತನೇ ಒಂದು ಭಾಗಕ್ಕೆ ಇಳಿಯಲೇಬೇಕು ಅಲ್ವಾ?

ಹಾಗಾದರೆ ಆ್ಯಪ್ ಯಾಕೆ ನಷ್ಟ ತೋರಿಸಿತು? ಬೆಲೆ ಬೆಳಗ್ಗೆಯೇ ಹೊಸ ಲೆಕ್ಕಕ್ಕೆ ಬರುತ್ತದೆ. ಷೇರು ಮಾತ್ರ ಡಿಮ್ಯಾಟ್ ಖಾತೆಗೆ ಬರಲು ಒಂದೆರಡು ದಿನ ಬೇಕು. ನಡುವಿನ ಆ ಹೊತ್ತಿನಲ್ಲಿ ನಿಮ್ಮ ಹಳೆಯ ಷೇರುಗಳ ಸಂಖ್ಯೆಯನ್ನೇ ಹೊಸ ಬೆಲೆಯಿಂದ ಗುಣಿಸಿ ಆ್ಯಪ್ ಲೆಕ್ಕ ಹಾಕುತ್ತದೆ. ಪರದೆಯ ಮೇಲೆ ಕೆಂಪು ಬಣ್ಣ ಕಾಣುವುದು ಅದಕ್ಕೇ. ಸೆಬಿ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಈಚೆಗೆ ಘೋಷಣೆಯಾದ ಬೋನಸ್ ಷೇರುಗಳು ರೆಕಾರ್ಡ್ ಡೇಟ್, ಅಂದರೆ ಷೇರು ಯಾರ ಬಳಿ ಇದೆ ಅಂತ ಕಂಪನಿ ನೋಡುವ ದಿನ, ಆದ ಎರಡನೇ ವಹಿವಾಟಿನ ದಿನಕ್ಕೆ ಮಾರಾಟಕ್ಕೆ ಸಿಗಬೇಕು. ಮೊದಲೆಲ್ಲ ಇದಕ್ಕೆ ಇನ್ನೂ ಜಾಸ್ತಿ ದಿನ ಕಾಯಬೇಕಿತ್ತು.

ಈ ಪುಟದಲ್ಲಿ ಮತ್ತೆ ಮತ್ತೆ ಬಜಾಜ್ ಫೈನಾನ್ಸ್ ಉದಾಹರಣೆಗೇ ಬರುತ್ತೇನೆ. ಬೋನಸ್ ಮತ್ತು ವಿಭಜನೆ ಎರಡೂ ಒಂದೇ ದಿನ, ಒಂದೇ ಷೇರಿನಲ್ಲಿ ಆಗಿರುವುದರಿಂದ ಇವೆರಡರ ವ್ಯತ್ಯಾಸ ಅಲ್ಲಿ ಚೆನ್ನಾಗಿ ಕಾಣುತ್ತದೆ.

ಎರಡರಲ್ಲೂ ಷೇರಿನ ಸಂಖ್ಯೆ ಜಾಸ್ತಿ ಆಗುತ್ತದೆ, ಬೆಲೆ ಕಮ್ಮಿ ಆಗುತ್ತದೆ. ಮತ್ತೆ ವ್ಯತ್ಯಾಸ ಏನು?

ಮುಖಬೆಲೆ ನೋಡಿ, ಅಲ್ಲಿದೆ ವ್ಯತ್ಯಾಸ. ವಿಭಜನೆಯಲ್ಲಿ ಇರುವ ಷೇರನ್ನೇ ತುಂಡು ಮಾಡುತ್ತಾರೆ. 10 ರೂಪಾಯಿ ಮುಖಬೆಲೆಯ ಷೇರು 5 ರೂಪಾಯಿಯ ಎರಡು ಷೇರಾಗುತ್ತದೆ. ಕಂಪನಿಯ ಲೆಕ್ಕಪತ್ರದಲ್ಲಿ ಒಂದು ಪೈಸೆಯೂ ಜಾಗ ಬದಲಿಸುವುದಿಲ್ಲ.

ಬೋನಸ್‌ನಲ್ಲಿ ಹೊಸ ಷೇರನ್ನೇ ಸೃಷ್ಟಿಸುತ್ತಾರೆ. ಮುಖಬೆಲೆ ಹಾಗೇ ಇರುತ್ತದೆ. ಪ್ರತಿ ಷೇರಿನ ಮುಖಬೆಲೆಯಷ್ಟು ದುಡ್ಡು ಎಲ್ಲಿಂದಾದರೂ ಬರಬೇಕಲ್ಲ? ಅದನ್ನು ಕಂಪನಿ ತನ್ನ ಮೀಸಲು ನಿಧಿಯಿಂದ ತೆಗೆದು ಷೇರು ಬಂಡವಾಳಕ್ಕೆ ಹಾಕುತ್ತದೆ.

ಸಣ್ಣ ಲೆಕ್ಕ ನೋಡೋಣ. ಒಂದು ಕಂಪನಿಗೆ 10 ರೂಪಾಯಿಯ 1 ಕೋಟಿ ಷೇರುಗಳಿವೆ ಅಂದುಕೊಳ್ಳಿ. ಷೇರು ಬಂಡವಾಳ 10 ಕೋಟಿ. ಇಷ್ಟು ವರ್ಷ ಕೂಡಿಟ್ಟ ಮೀಸಲು 90 ಕೋಟಿ. ಒಟ್ಟು 100 ಕೋಟಿ. ಈಗ ಒಂದಕ್ಕೆ ಒಂದು ಬೋನಸ್ ಕೊಟ್ಟರೆ ಷೇರು ಬಂಡವಾಳ 20 ಕೋಟಿ ಆಗುತ್ತದೆ, ಮೀಸಲು 80 ಕೋಟಿಗೆ ಇಳಿಯುತ್ತದೆ. ಒಟ್ಟು ಅದೇ 100 ಕೋಟಿ. ಬೋನಸ್ ಬದಲು 10 ರೂಪಾಯಿಯನ್ನು 5 ರೂಪಾಯಿಗೆ ವಿಭಜಿಸಿದ್ದರೆ ಬಂಡವಾಳ 10 ಕೋಟಿಯೇ ಇರುತ್ತಿತ್ತು, ಮೀಸಲು 90 ಕೋಟಿಯೇ ಇರುತ್ತಿತ್ತು. ಎರಡರಲ್ಲೂ ಷೇರುಗಳು 2 ಕೋಟಿ. ಎರಡರಲ್ಲೂ ಪ್ರತಿ ಷೇರಿನ ಪುಸ್ತಕ ಮೌಲ್ಯ 100 ರೂಪಾಯಿಯಿಂದ 50ಕ್ಕೆ. ಪ್ರತಿ ಷೇರಿನ ಗಳಿಕೆಯೂ ಅರ್ಧ, ಬೆಲೆಯೂ ಅರ್ಧ. ಹಾಗಾಗಿ ಬೆಲೆ ಮತ್ತು ಗಳಿಕೆಯ ಅನುಪಾತ ಬದಲಾಗುವುದಿಲ್ಲ. 9,300 ರೂಪಾಯಿಗೆ ದುಬಾರಿ ಅನ್ನಿಸಿದ ಷೇರು 930 ಆದಮೇಲೂ ಅಷ್ಟೇ ದುಬಾರಿ. "ಈಗ ಅಗ್ಗ ಆಯ್ತು, ತಗೋಬಹುದು" ಅನ್ನುವ ಮಾತಿಗೆ ಅರ್ಥ ಇಲ್ಲ. ಕೈಯಲ್ಲಿ ಐದು ಸಾವಿರ ಮಾತ್ರ ಇದ್ದವರು ಮೊದಲು ಒಂದು ಷೇರನ್ನೂ ಕೊಳ್ಳಲಾಗುತ್ತಿರಲಿಲ್ಲ, ಈಗ ಕೊಳ್ಳಬಹುದು. ಅಷ್ಟು ಮಾತ್ರ ನಿಜ.

ಮೀಸಲಿನಿಂದ ಬಂಡವಾಳಕ್ಕೆ ದುಡ್ಡು ಹಾಕುವುದು ಬರೀ ಕಾಗದದ ಮೇಲಿನ ಕೆಲಸವಾ?

ಬಹುಮಟ್ಟಿಗೆ ಹೌದು. ಆದರೆ ಪೂರ್ತಿ ಹಾಗೂ ಅಲ್ಲ. ಮುಕ್ತ ಮೀಸಲಿನಲ್ಲಿರುವ ದುಡ್ಡನ್ನು ಕಂಪನಿ ಮುಂದೆ ಡಿವಿಡೆಂಡ್ ಆಗಿ ಹಂಚಬಹುದು. ಷೇರು ಬಂಡವಾಳಕ್ಕೆ ಸೇರಿದ ದುಡ್ಡನ್ನು ಹಾಗೆ ಹಂಚಲಾಗದು. ಅಂದರೆ ಬೋನಸ್ ಕೊಟ್ಟ ಕಂಪನಿ ಅಷ್ಟು ದುಡ್ಡಿಗೆ ಬೀಗ ಹಾಕಿದ ಹಾಗೆ.

ಇನ್ನೊಂದು ವಿಷಯ. ಮೀಸಲು ಇಲ್ಲದ ಕಂಪನಿ ಬೋನಸ್ ಕೊಡಲಾಗದು. 2013ರ ಕಂಪನಿ ಕಾಯ್ದೆಯ 63ನೇ ಕಲಂ ಪ್ರಕಾರ ಬೋನಸ್ ಬರಬೇಕಾದದ್ದು ಮುಕ್ತ ಮೀಸಲಿನಿಂದ, ಷೇರು ಪ್ರೀಮಿಯಂ ಖಾತೆಯಿಂದ ಅಥವಾ ಬಂಡವಾಳ ವಿಮೋಚನಾ ಮೀಸಲಿನಿಂದ. ಜಮೀನು, ಕಟ್ಟಡಗಳ ಬೆಲೆಯನ್ನು ಮರುಮೌಲ್ಯಮಾಪನ ಮಾಡಿ ಪುಸ್ತಕದಲ್ಲಿ ಏರಿಸಿಕೊಂಡ ಮೀಸಲಿನಿಂದ ಕೊಡುವಂತಿಲ್ಲ. ಡಿವಿಡೆಂಡ್ ಬದಲಿಗೆ ಬೋನಸ್ ಕೊಡುತ್ತೇವೆ ಅನ್ನುವಂತೆಯೂ ಇಲ್ಲ. ವಿಭಜನೆಗೆ ಇಂಥ ಷರತ್ತು ಇಲ್ಲ. ನಷ್ಟದಲ್ಲಿರುವ ಕಂಪನಿಯೂ ಷೇರನ್ನು ತುಂಡು ಮಾಡಬಹುದು.

ಇದನ್ನು ಕೇಳಿ "ಹಾಗಾದರೆ ಬೋನಸ್ ಕೊಟ್ಟ ಕಂಪನಿ ಗಟ್ಟಿ" ಅಂತ ನಂಬಿಬಿಡಬೇಡಿ. ಪ್ರೀಮಿಯಂ ಖಾತೆಯಲ್ಲಿರುವುದು ಹೂಡಿಕೆದಾರರು ಹಿಂದೆ ಕೊಟ್ಟ ದುಡ್ಡು. ಅದು ವ್ಯಾಪಾರದಲ್ಲಿ ಗಳಿಸಿದ ಲಾಭ ಅಲ್ಲ. ಹೊಸದಾಗಿ ಷೇರು ಮಾರಿದ ಕಂಪನಿ ಆ ಪ್ರೀಮಿಯಂನಿಂದಲೇ ಬೋನಸ್ ಕೊಟ್ಟರೆ ನಿಮ್ಮದೇ ದುಡ್ಡು ಹೆಸರು ಬದಲಿಸಿ ನಿಮ್ಮ ಮುಂದೆ ಬಂದಂತೆ. ಬೋನಸ್ ಯಾವ ಖಾತೆಯಿಂದ ಬರುತ್ತಿದೆ ಅಂತ ಕಂಪನಿ ಷೇರುಪೇಟೆಗೆ ಕೊಡುವ ಪ್ರಕಟಣೆಯಲ್ಲೇ ಇರುತ್ತದೆ. ಆ ಒಂದು ಸಾಲನ್ನು ನಾನು ಯಾವತ್ತೂ ಬಿಡದೆ ಓದುತ್ತೇನೆ.

1:1, 4:1, 1:2 ಅಂತೆಲ್ಲ ಬರೆದಿರುತ್ತದೆ. ಇದನ್ನು ಓದುವುದು ಹೇಗೆ?

ಇಲ್ಲಿ ತಪ್ಪುವವರು ಜಾಸ್ತಿ. ಬೋನಸ್ ಅನುಪಾತದಲ್ಲಿ ಮೊದಲ ಅಂಕಿ ಹೊಸದಾಗಿ ಸಿಗುವ ಷೇರು, ಎರಡನೆಯದು ನಿಮ್ಮಲ್ಲಿ ಇರುವ ಷೇರು. 4:1 ಅಂದರೆ ಒಂದಕ್ಕೆ ನಾಲ್ಕು ಹೊಸದು, ಒಟ್ಟು ಐದು. ಬೆಲೆ ಐದನೇ ಒಂದು ಭಾಗವಾಗುತ್ತದೆ, ನಾಲ್ಕನೇ ಒಂದಲ್ಲ. 1:2 ಅಂದರೆ ಎರಡಕ್ಕೆ ಒಂದು ಹೊಸದು. ಎರಡು ಮೂರಾಗುತ್ತದೆ, 300 ರೂಪಾಯಿಯ ಷೇರು 200ರ ಆಸುಪಾಸಿಗೆ ಬರುತ್ತದೆ.

```
ಬೋನಸ್ ನಂತರದ ಬೆಲೆ = ಹಳೆ ಬೆಲೆ × ಇದ್ದ ಷೇರು ÷ (ಇದ್ದ ಷೇರು + ಬೋನಸ್ ಷೇರು)
ವಿಭಜನೆ ನಂತರದ ಬೆಲೆ = ಹಳೆ ಬೆಲೆ × ಹೊಸ ಮುಖಬೆಲೆ ÷ ಹಳೆ ಮುಖಬೆಲೆ
```

ವಿಭಜನೆಯ ಅನುಪಾತವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. 1:2 ಅಂತಲೂ ಇರುತ್ತದೆ, 2:1 ಅಂತಲೂ ಇರುತ್ತದೆ. ಅದನ್ನು ಬಿಟ್ಟು ಮುಖಬೆಲೆ ಎಷ್ಟರಿಂದ ಎಷ್ಟಕ್ಕೆ ಅಂತ ನೋಡಿ. ಅಲ್ಲಿ ತಪ್ಪಾಗಲು ಜಾಗವೇ ಇಲ್ಲ.

ಬಜಾಜ್ ಫೈನಾನ್ಸ್ ಲೆಕ್ಕವನ್ನು ಇದರಲ್ಲೇ ಹಾಕಿ. ಮುಖಬೆಲೆ 2ರಿಂದ 1ಕ್ಕೆ, ಹಾಗಾಗಿ 9,300 ಇದ್ದದ್ದು 4,650. ನಂತರ 4:1 ಬೋನಸ್, ಹಾಗಾಗಿ 4,650 ಇದ್ದದ್ದು 930.

ಲೆಕ್ಕ ಸಮವಾಗದೆ ಅರ್ಧ, ಮುಕ್ಕಾಲು ಷೇರು ಉಳಿದರೆ?

ಬೋನಸ್‌ನಲ್ಲಿ ಇದು ಆಗುತ್ತದೆ. ವಿಪ್ರೋ 2019ರಲ್ಲಿ ಮೂರಕ್ಕೆ ಒಂದು ಬೋನಸ್ ಕೊಟ್ಟಿತ್ತು. ಹತ್ತು ಷೇರು ಇದ್ದವರಿಗೆ ಲೆಕ್ಕದಲ್ಲಿ ಮೂರೂ ಚಿಲ್ಲರೆ ಬರುತ್ತದೆ. ಇಂಥ ಕಡೆ ಮೂರು ಪೂರ್ತಿ ಷೇರು ಖಾತೆಗೆ ಬರುತ್ತವೆ. ಎಲ್ಲರ ಚಿಲ್ಲರೆಯನ್ನೂ ಒಟ್ಟುಗೂಡಿಸಿ ಮಾರಿ, ಬಂದ ದುಡ್ಡನ್ನು ಅವರವರ ಪಾಲಿನಂತೆ ಬ್ಯಾಂಕ್ ಖಾತೆಗೆ ಹಾಕುವುದು ವಾಡಿಕೆ. 10 ರೂಪಾಯಿಯ ಷೇರನ್ನು 5, 2 ಅಥವಾ 1 ರೂಪಾಯಿಗೆ ವಿಭಜಿಸಿದಾಗ ಈ ತಾಪತ್ರಯ ಇರುವುದಿಲ್ಲ.

ಒಟ್ಟು ಮೌಲ್ಯ ಒಂದೇ ಅಂದಮೇಲೆ ಕಂಪನಿ ಒಮ್ಮೆ ಬೋನಸ್, ಒಮ್ಮೆ ವಿಭಜನೆ ಯಾಕೆ ಆರಿಸುತ್ತದೆ?

ಕಾರಣ ಬೇರೆ ಬೇರೆ ಇರಬಹುದು. ಆದರೆ ಒಂದು ಕಾರಣ ತುಂಬಾ ಸರಳ, ಆದರೂ ಹೆಚ್ಚಿನವರು ಗಮನಿಸುವುದಿಲ್ಲ. ನಮ್ಮಲ್ಲಿ ಲಿಸ್ಟ್ ಆದ ಷೇರಿನ ಮುಖಬೆಲೆ 1 ರೂಪಾಯಿಗಿಂತ ಕೆಳಗೆ ಹೋಗುವುದಿಲ್ಲ. ಆ ಮಟ್ಟ ಮುಟ್ಟಿದ ಕಂಪನಿಗೆ ವಿಭಜನೆಯ ದಾರಿ ಮುಚ್ಚಿದಂತೆ. ಆಮೇಲೆ ಷೇರಿನ ಸಂಖ್ಯೆ ಹೆಚ್ಚಿಸಬೇಕು ಅಂದರೆ ಉಳಿಯುವುದು ಬೋನಸ್ ಮಾತ್ರ.

ಎಚ್‌ಡಿಎಫ್‌ಸಿ ಬ್ಯಾಂಕ್ 2019ರಲ್ಲಿ 2 ರೂಪಾಯಿಯ ಷೇರನ್ನು 1 ರೂಪಾಯಿ ಮಾಡಿತು. 2025ರ ಆಗಸ್ಟ್‌ನಲ್ಲಿ ಒಂದಕ್ಕೆ ಒಂದು ಬೋನಸ್ ಕೊಟ್ಟಿತು. ನೆಸ್ಲೆ ಇಂಡಿಯಾ 2024ರ ಜನವರಿಯಲ್ಲಿ 10 ರೂಪಾಯಿಯಿಂದ ನೇರ 1 ರೂಪಾಯಿಗೆ ಬಂತು. ಅದು ಕೂಡ 2025ರಲ್ಲಿ ಒಂದಕ್ಕೆ ಒಂದು ಬೋನಸ್ ಕೊಟ್ಟಿತು. ಬಜಾಜ್ ಫೈನಾನ್ಸ್ ಕೈಯಲ್ಲಿ ಇದ್ದದ್ದು ಬರೀ 2 ರೂಪಾಯಿ ಮುಖಬೆಲೆ. ವಿಭಜನೆಯಿಂದ ಎರಡು ಪಟ್ಟು ಮಾತ್ರ ಆಗುತ್ತಿತ್ತು. ಹತ್ತು ಪಟ್ಟು ಮಾಡಲು ಮಿಕ್ಕ ಐದು ಪಟ್ಟು ಬೋನಸ್‌ನಿಂದಲೇ ಬರಬೇಕಿತ್ತು.

ಸಂಪತ್ತು ಬದಲಾಗುವುದಿಲ್ಲ ಅಂತೀರಿ. ಮತ್ತೆ ಘೋಷಣೆ ಆದ ತಕ್ಷಣ ಬೆಲೆ ಯಾಕೆ ಏರುತ್ತದೆ?

ಏರುವುದು ಉಂಟು. ಅದು ಷೇರು ತುಂಡಾಯಿತು ಅನ್ನುವ ಕಾರಣಕ್ಕೆ ಅಲ್ಲ. ಆಡಳಿತ ಮಂಡಳಿಗೆ ಮುಂದಿನ ಗಳಿಕೆಯ ಮೇಲೆ ನಂಬಿಕೆ ಇದೆ ಅಂತ ಪೇಟೆ ಓದಿಕೊಳ್ಳುತ್ತದೆ.

ಇದರ ಮೇಲೆ ಹಳೆಯದೊಂದು ಪ್ರಸಿದ್ಧ ಅಧ್ಯಯನ ಇದೆ. ಫಾಮಾ, ಫಿಷರ್, ಜೆನ್ಸನ್ ಮತ್ತು ರೋಲ್ ಅನ್ನುವ ನಾಲ್ವರು 1969ರಲ್ಲಿ ಪ್ರಕಟಿಸಿದ್ದು. ನ್ಯೂಯಾರ್ಕ್ ಷೇರುಪೇಟೆಯಲ್ಲಿ 1927ರಿಂದ 1959ರವರೆಗೆ ಆದ 940 ವಿಭಜನೆಗಳನ್ನು ಅವರು ನೋಡಿದರು. ವಿಭಜನೆಗೆ ಮುಂಚಿನ ತಿಂಗಳುಗಳಲ್ಲಿ ಆ ಷೇರುಗಳು ಪೇಟೆಗಿಂತ ಜಾಸ್ತಿ ಏರಿದ್ದವು. ವಿಭಜನೆಯ ನಂತರ ಒಟ್ಟಾರೆ ನೋಡಿದರೆ ಅಂಥ ಹೆಚ್ಚುವರಿ ಏರಿಕೆ ನಿಂತುಬಿಟ್ಟಿತ್ತು. ಡಿವಿಡೆಂಡ್ ಹೆಚ್ಚಿಸಿದ ಕಂಪನಿಗಳು ನಂತರವೂ ಚೆನ್ನಾಗಿಯೇ ನಡೆದವು. ಹೆಚ್ಚಿಸದವು ಹಿಂದೆ ಬಿದ್ದವು. ಅಂದರೆ ಬೆಲೆ ಕಾಯುತ್ತಿದ್ದದ್ದು ಗಳಿಕೆಯ ಸುದ್ದಿಗಾಗಿ. ವಿಭಜನೆ ಅದರ ಸುಳಿವು ಕೊಟ್ಟಿತ್ತು, ಅಷ್ಟೇ.

ಹಾಗಾಗಿ ಬೋನಸ್ ಸುದ್ದಿ ಕೇಳಿ ರೆಕಾರ್ಡ್ ಡೇಟ್ ಹಿಂದಿನ ದಿನ ಓಡಿಹೋಗಿ ಕೊಳ್ಳುವುದರಲ್ಲಿ ಏನೂ ಸಿಗುವುದಿಲ್ಲ. ಮರುದಿನ ಬೆಲೆ ಅದೇ ಲೆಕ್ಕಕ್ಕೆ ಇಳಿದಿರುತ್ತದೆ. ಅದಕ್ಕಿಂತ ಕೆಟ್ಟದಾಗಿ, ತೆರಿಗೆಯ ಒಂದು ಬಲೆಗೂ ಬೀಳುತ್ತೀರಿ. ಅದನ್ನು ಕೆಳಗೆ ಹೇಳುತ್ತೇನೆ.

ಡಿವಿಡೆಂಡ್ ಏನಾಗುತ್ತದೆ?

ಕಂಪನಿ ಒಟ್ಟು ಹಂಚುವ ದುಡ್ಡು ಬದಲಾಗದಿದ್ದರೆ ನಿಮಗೆ ಬರುವ ಒಟ್ಟು ಮೊತ್ತವೂ ಬದಲಾಗುವುದಿಲ್ಲ. ಶೇಕಡಾವಾರು ಲೆಕ್ಕದಲ್ಲಿ ಮಾತ್ರ ಮೋಸ ಹೋಗಬೇಡಿ. ಆ ಶೇಕಡಾವಾರು ಇರುವುದು ಮುಖಬೆಲೆಯ ಮೇಲೆ. 10 ರೂಪಾಯಿ ಷೇರಿಗೆ ಶೇ. 200 ಅಂದರೆ 20 ರೂಪಾಯಿ. ಷೇರು 5 ರೂಪಾಯಿಗೆ ವಿಭಜನೆಯಾದ ಮೇಲೂ ಶೇ. 200 ಅಂದರೆ 10 ರೂಪಾಯಿ. ನಿಮ್ಮಲ್ಲಿ ಈಗ ಎರಡು ಷೇರು ಇದೆ, ಒಟ್ಟು ಅದೇ 20.

ಬೋನಸ್ ಆದಮೇಲೆ ಹಾಗಲ್ಲ. ಮುಖಬೆಲೆ 10ರಲ್ಲೇ ಇದೆ. ಕಂಪನಿ ಶೇ. 200 ಅನ್ನೇ ಮುಂದುವರಿಸಿದರೆ ಎರಡು ಷೇರಿಗೆ 40 ರೂಪಾಯಿ ಬರುತ್ತದೆ. ಅಂದರೆ ಡಿವಿಡೆಂಡ್ ನಿಜವಾಗಿಯೂ ದುಪ್ಪಟ್ಟಾಗಿದೆ. ಬೋನಸ್ ಕೊಟ್ಟ ಮರುವರ್ಷ ಪ್ರತಿ ಷೇರಿನ ಡಿವಿಡೆಂಡ್ ಎಷ್ಟು ಅಂತ ನೋಡಿದರೆ ಕಂಪನಿಯ ವಿಶ್ವಾಸ ಎಷ್ಟು ನಿಜ ಅನ್ನುವುದು ಗೊತ್ತಾಗುತ್ತದೆ.

ತೆರಿಗೆ ಲೆಕ್ಕದಲ್ಲೂ ಎರಡೂ ಒಂದೇನಾ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ಪೇಟೆಯಲ್ಲಿ ಸಮ ಆಗಿದ್ದದ್ದು ಇಲ್ಲಿ ಸಮ ಇಲ್ಲ.

ವಿಭಜನೆಯಾದಾಗ ನೀವು ಕೊಟ್ಟ ಬೆಲೆ ಎಲ್ಲ ತುಂಡುಗಳಿಗೂ ಹಂಚಿಕೆಯಾಗುತ್ತದೆ. ಕೊಂಡ ದಿನಾಂಕವೂ ಹಳೆಯದೇ. ಬೋನಸ್ ಷೇರಿಗೆ ಹಾಗಲ್ಲ. ಅದರ ಕೊಂಡ ಬೆಲೆ ಸೊನ್ನೆ. ಅದನ್ನು ಹಂಚಿಕೆ ಮಾಡಿದ ದಿನದಿಂದ ಅದರ ಅವಧಿ ಹೊಸದಾಗಿ ಶುರುವಾಗುತ್ತದೆ. ಮೂಲ ಷೇರು ಹತ್ತು ವರ್ಷ ಹಳೆಯದಾಗಿದ್ದರೂ ನಿನ್ನೆ ಬಂದ ಬೋನಸ್ ಷೇರಿಗೆ ಒಂದೇ ದಿನದ ವಯಸ್ಸು.

ಒಬ್ಬರು 2023ರಲ್ಲಿ ಬಜಾಜ್ ಫೈನಾನ್ಸ್‌ನ 10 ಷೇರನ್ನು ತಲಾ 6,000 ರೂಪಾಯಿಗೆ ಕೊಂಡಿದ್ದರು ಅಂದುಕೊಳ್ಳಿ. ಹಾಕಿದ್ದು 60,000. ಜೂನ್ 2025ರಲ್ಲಿ 100 ಷೇರು ಆಯಿತು, 930ರ ಲೆಕ್ಕದಲ್ಲಿ 93,000 ರೂಪಾಯಿ. ನಿಜವಾದ ಲಾಭ 33,000. ಬೆಲೆ ಅಲ್ಲೇ ನಿಂತಿದೆ ಅಂತಿಟ್ಟುಕೊಂಡು ಸೆಪ್ಟೆಂಬರ್ 2025ರಲ್ಲಿ ಎಲ್ಲ 100 ಷೇರನ್ನೂ ಮಾರಿದರು ಅಂತಿಟ್ಟುಕೊಳ್ಳೋಣ.

ಆ 100ರಲ್ಲಿ 20 ಷೇರು ವಿಭಜನೆಯಿಂದ ಬಂದವು. ಪೂರ್ತಿ 60,000 ರೂಪಾಯಿ ಇವುಗಳ ಮೇಲೆಯೇ ಕೂರುತ್ತದೆ, ತಲಾ 3,000. ಮಾರಿದ್ದು 18,600ಕ್ಕೆ. ಪುಸ್ತಕದಲ್ಲಿ 41,400 ರೂಪಾಯಿ ದೀರ್ಘಾವಧಿ ನಷ್ಟ. ಉಳಿದ 80 ಷೇರು ಬೋನಸ್, ಕೊಂಡ ಬೆಲೆ ಸೊನ್ನೆ. ಮಾರಿದ 74,400 ರೂಪಾಯಿ ಪೂರ್ತಿ ಲಾಭ. ಹಂಚಿಕೆಯಾಗಿ ಒಂದು ವರ್ಷ ಆಗಿಲ್ಲ, ಹಾಗಾಗಿ ಅಲ್ಪಾವಧಿ ಲಾಭ.

ಇಲ್ಲೇ ಪೆಟ್ಟು ಬೀಳುವುದು. ದೀರ್ಘಾವಧಿ ನಷ್ಟವನ್ನು ಅಲ್ಪಾವಧಿ ಲಾಭದಿಂದ ಕಳೆಯುವಂತಿಲ್ಲ. 74,400ರ ಮೇಲೆ ಶೇ. 20ರಂತೆ 14,880 ರೂಪಾಯಿ, ಜೊತೆಗೆ ಶೇ. 4 ಸೆಸ್. ಬೇರೆ ಆದಾಯದಿಂದಲೇ ತೆರಿಗೆ ಮಿತಿ ದಾಟಿರುವವರು ಹೆಚ್ಚುಕಡಿಮೆ 15,475 ರೂಪಾಯಿ ಕಟ್ಟಬೇಕು. ನಿಜವಾದ ಲಾಭ 33,000 ಅಂತ ನೆನಪಿಡಿ. ಸುಮಾರು ಅರ್ಧ ಹೋಯಿತು.

ಬೋನಸ್ ಇಲ್ಲದೆ ಬರೀ ವಿಭಜನೆಯಿಂದ ಹತ್ತು ಪಟ್ಟು ಆಗಿದ್ದರೆ ಏನಾಗುತ್ತಿತ್ತು? ನೂರೂ ಷೇರಿಗೆ ತಲಾ 600 ರೂಪಾಯಿ ಕೊಂಡ ಬೆಲೆ, ದಿನಾಂಕ 2023ರದ್ದೇ. 33,000 ರೂಪಾಯಿ ದೀರ್ಘಾವಧಿ ಲಾಭ. ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲ. ಬೇರೆ ಅಂಥ ಲಾಭ ಇಲ್ಲದಿದ್ದರೆ ಕಟ್ಟಬೇಕಾದದ್ದು ಸೊನ್ನೆ.

ಪೇಟೆಗೆ ಎರಡೂ ಒಂದೇ. ಆದರೆ ಮಾರುವ ಅವಸರದಲ್ಲಿ ಇದ್ದವರಿಗೆ ವ್ಯತ್ಯಾಸ 15,000 ರೂಪಾಯಿ.

ಹಾಗಾದರೆ ಬೋನಸ್ ಬಂದರೆ ಒಂದು ವರ್ಷ ಮಾರಲೇಬಾರದಾ?

ಬೋನಸ್ ಷೇರನ್ನು ಹಂಚಿಕೆಯ ದಿನದಿಂದ ಹನ್ನೆರಡು ತಿಂಗಳು ದಾಟಿಸಿದರೆ ಅದೂ ದೀರ್ಘಾವಧಿ ಆಗುತ್ತದೆ. ಆಮೇಲೆ ಮೂಲ ಷೇರಿನ ನಷ್ಟ ಇದರ ಲಾಭದಿಂದ ಕಳೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಎಲ್ಲವನ್ನೂ ಆಗ ಮಾರಿದರೆ ಲೆಕ್ಕ ಮತ್ತೆ 33,000ಕ್ಕೇ ಬರುತ್ತದೆ.

ಮಧ್ಯದಲ್ಲಿ ದುಡ್ಡು ಬೇಕಾಯಿತು ಅಂದರೆ? ಒಂದು ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದ ಷೇರು ಮೊದಲು ಮಾರಾಟವಾಯಿತು ಅಂತಲೇ ತೆರಿಗೆ ಲೆಕ್ಕ. ಹಾಗಾಗಿ ನೀವು ಮಾರುವ ಮೊದಲ 20 ಷೇರು ಮೂಲ ಷೇರುಗಳೇ. "ಬೋನಸ್ ಷೇರು ಮಾತ್ರ ಮಾರಿದೆ" ಅಂತ ನೀವು ಆರಿಸಿಕೊಳ್ಳಲಾಗದು. ಮೊದಲ 20 ಮಾರಿದರೆ ತೆರಿಗೆ ಇಲ್ಲ, ಬದಲಿಗೆ 41,400 ನಷ್ಟ ದಾಖಲಾಗುತ್ತದೆ. ಆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ದೀರ್ಘಾವಧಿ ಲಾಭದಿಂದ ಕಳೆಯಬಹುದು. ಆದರೆ ಆ ವರ್ಷದ ರಿಟರ್ನ್ ಅನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಿರಬೇಕು. ತಡವಾದರೆ ಆ ಹಕ್ಕು ಹೋಗುತ್ತದೆ. ಇಪ್ಪತ್ತೊಂದನೇ ಷೇರಿನಿಂದ ಬೋನಸ್ ಶುರು, ಅಲ್ಲಿಂದ ಮುಂದೆ ಕ್ಯಾಲೆಂಡರ್ ನೋಡಿಕೊಂಡು ಮಾರಿ.

ಬೋನಸ್‌ಗೆ ಮುಂಚೆ ಕೊಂಡು, ನಂತರ ಮೂಲ ಷೇರು ಮಾರಿ ನಷ್ಟ ತೋರಿಸಿದರೆ ತೆರಿಗೆ ಉಳಿಯುತ್ತದಲ್ಲ?

ಮೊದಲು ಉಳಿಯುತ್ತಿತ್ತು. 2022ರ ಏಪ್ರಿಲ್‌ನಿಂದ ಷೇರುಗಳಿಗೂ ಆ ದಾರಿ ಮುಚ್ಚಿದೆ. ರೆಕಾರ್ಡ್ ಡೇಟ್‌ಗೆ ಮುಂಚಿನ ಮೂರು ತಿಂಗಳೊಳಗೆ ಕೊಂಡು, ನಂತರದ ಒಂಬತ್ತು ತಿಂಗಳೊಳಗೆ ಮೂಲ ಷೇರು ಮಾರಿ, ಬೋನಸ್ ಷೇರನ್ನು ಇಟ್ಟುಕೊಂಡರೆ ಆ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಲೆ ಹೇಳಿದ ಬಲೆ ಇದೇ.

ನಷ್ಟ ಪೂರ್ತಿ ಮಾಯವಾಗುವುದಿಲ್ಲ ಅನ್ನುವುದು ಸಮಾಧಾನ. ಅದು ಉಳಿದ ಬೋನಸ್ ಷೇರಿನ ಕೊಂಡ ಬೆಲೆಯಾಗುತ್ತದೆ. ಏಪ್ರಿಲ್ 2025ರಲ್ಲಿ 10 ಷೇರನ್ನು ತಲಾ 9,000ಕ್ಕೆ ಕೊಂಡವರು ಜುಲೈನಲ್ಲಿ ಮೂಲದ 20 ಷೇರನ್ನು 930ರಂತೆ ಮಾರಿದರೆ 71,400 ನಷ್ಟ. ಅದನ್ನು ಆ ವರ್ಷ ಬಳಸುವಂತಿಲ್ಲ. ಉಳಿದ 80 ಬೋನಸ್ ಷೇರಿಗೆ ಹಂಚಿದರೆ ತಲಾ 892 ರೂಪಾಯಿ 50 ಪೈಸೆ ಕೊಂಡ ಬೆಲೆಯಾಗುತ್ತದೆ, ಸೊನ್ನೆ ಅಲ್ಲ.

ಆ್ಯಪ್‌ನಲ್ಲಿ ಸರಾಸರಿ ಬೆಲೆ 600 ಅಂತ ಇದೆ. ಅದನ್ನೇ ತೆರಿಗೆಗೆ ಬಳಸಬಹುದಾ?

ಬೇಡ. ಕೆಲವು ಆ್ಯಪ್‌ಗಳು 60,000ವನ್ನು 100ರಿಂದ ಭಾಗಿಸಿ 600 ತೋರಿಸುತ್ತವೆ. ಒಟ್ಟಾರೆ ಲಾಭವೋ ನಷ್ಟವೋ ತಿಳಿಯಲು ಅದು ಸರಿ. ತೆರಿಗೆಗೆ 20 ಷೇರು 3,000ದಂತೆ, 80 ಷೇರು ಸೊನ್ನೆಯಂತೆ. ಬ್ರೋಕರ್ ಕೊಡುವ ತೆರಿಗೆ ವರದಿಯನ್ನು ತೆಗೆದು ಬೋನಸ್ ಷೇರಿನ ದಿನಾಂಕ ಬೇರೆಯಾಗಿದೆಯಾ ಅಂತ ನೋಡಿ. ಷೇರುಗಳನ್ನು ಒಂದು ಡಿಮ್ಯಾಟ್‌ನಿಂದ ಇನ್ನೊಂದಕ್ಕೆ ವರ್ಗಾಯಿಸಿದ್ದರಂತೂ ಈ ವಿವರ ಕೈತಪ್ಪಿಹೋಗಿರುತ್ತದೆ. ಆಗ ಹಳೆಯ ಬ್ರೋಕರ್‌ನ ಕಾಂಟ್ರಾಕ್ಟ್ ನೋಟ್ ಮತ್ತು ಡಿಮ್ಯಾಟ್ ಸ್ಟೇಟ್‌ಮೆಂಟ್ ನೋಡಿ ನೀವೇ ತುಂಬಬೇಕು.

2018ರ ಜನವರಿ 31ರವರೆಗೆ ಬಂದ ಬೋನಸ್ ಷೇರಿಗೆ ಒಂದು ರಿಯಾಯಿತಿ ಇದೆ. ಅಂಥವುಗಳನ್ನು ದೀರ್ಘಾವಧಿಯಲ್ಲಿ ಮಾರುವಾಗ ಸೊನ್ನೆಯ ಬದಲು ಆ ದಿನದ ಪೇಟೆ ಬೆಲೆಯನ್ನು ಕೊಂಡ ಬೆಲೆಯಾಗಿ ತೆಗೆದುಕೊಳ್ಳಬಹುದು. ಆದರೆ ಅದು ಮಾರಿದ ಬೆಲೆಗಿಂತ ಜಾಸ್ತಿ ಇರುವಂತಿಲ್ಲ.

ಷೇರು ಯಾವ ದಿನ ನನ್ನ ಹತ್ತಿರ ಇರಬೇಕು?

ರೆಕಾರ್ಡ್ ಡೇಟ್ ದಿನ ಷೇರು ನಿಮ್ಮ ಖಾತೆಯಲ್ಲಿ ಇರಬೇಕು. ಈಗ ಕೊಂಡ ಮರುದಿನ ಷೇರು ಖಾತೆಗೆ ಬರುತ್ತದೆ. ಹಾಗಾಗಿ ರೆಕಾರ್ಡ್ ಡೇಟ್‌ಗೆ ಕನಿಷ್ಠ ಒಂದು ವಹಿವಾಟಿನ ದಿನ ಮುಂಚೆ ಕೊಂಡಿರಬೇಕು. ಅದೇ ದಿನ ಕೊಂಡರೆ ಬೋನಸ್ ಸಿಗುವುದಿಲ್ಲ. ಆದರೆ ಇಳಿದ ಬೆಲೆಗೇ ಕೊಂಡಿರುತ್ತೀರಿ, ಹಾಗಾಗಿ ನಷ್ಟವೂ ಇಲ್ಲ.

ವಿಭಜನೆಯಾದ ಮೇಲೆ ಹಳೆಯ ಷೇರೇ ಖಾತೆಯಿಂದ ಮಾಯವಾಗಿದೆ!

ಮುಖಬೆಲೆ ಬದಲಾದರೆ ಷೇರನ್ನು ಗುರುತಿಸುವ ಐಎಸ್‌ಐಎನ್ ಸಂಖ್ಯೆಯೂ ಬದಲಾಗುತ್ತದೆ. ಹಳೆಯ ಸಂಖ್ಯೆಯ ಷೇರು ಖಾತೆಯಿಂದ ಹೊರಗೆ ಹೋಗಿ, ಹೊಸ ಸಂಖ್ಯೆಯ ಷೇರು ಒಳಗೆ ಬರುತ್ತದೆ. ನಡುವೆ ಸ್ವಲ್ಪ ಹೊತ್ತು ಖಾಲಿ ಕಾಣಬಹುದು. ಬರೀ ಬೋನಸ್ ಆದರೆ ಸಂಖ್ಯೆ ಅದೇ ಇರುತ್ತದೆ, ಹಳೆಯ ಷೇರು ಅಲ್ಲಾಡುವುದಿಲ್ಲ. ಎರಡು ಮೂರು ವಹಿವಾಟಿನ ದಿನ ಕಳೆದರೂ ಬಾರದಿದ್ದರೆ ಡಿಪಾಸಿಟರಿಯ ಸ್ಟೇಟ್‌ಮೆಂಟ್ ತೆಗೆದು ನೋಡಿ. ಅಲ್ಲಿ ಇದ್ದು ಆ್ಯಪ್‌ನಲ್ಲಿ ಇಲ್ಲದಿದ್ದರೆ ಬ್ರೋಕರ್‌ಗೆ ಹೇಳಿ. ಅಲ್ಲೂ ಇಲ್ಲದಿದ್ದರೆ ಕಂಪನಿಯ ರಿಜಿಸ್ಟ್ರಾರ್‌ಗೆ ಬರೆಯಬೇಕು.

ಮೊದಲೇ ಹಾಕಿಟ್ಟ ಸ್ಟಾಪ್‌ಲಾಸ್ ಏನಾಗುತ್ತದೆ?

ತಿಂಗಳುಗಟ್ಟಲೆ ಕಾಯುವ ಆರ್ಡರ್‌ಗಳನ್ನು ರೆಕಾರ್ಡ್ ಡೇಟ್ ಹಿಂದಿನ ದಿನವೇ ನೀವೇ ತೆಗೆದುಬಿಡಿ. 8,500ಕ್ಕೆ ಇಳಿದರೆ ಮಾರು ಅಂತ ಹೇಳಿಟ್ಟಿದ್ದೀರಿ, ಬೆಳಗ್ಗೆ ಬೆಲೆ 930 ಅಂತ ಬರುತ್ತದೆ. ಎಷ್ಟೋ ಬ್ರೋಕರ್‌ಗಳು ಇಂಥ ಆರ್ಡರ್‌ಗಳನ್ನು ತಾವಾಗಿಯೇ ರದ್ದು ಮಾಡುತ್ತಾರೆ. ಅದನ್ನೇ ನಂಬಿ ಕೂರಬೇಡಿ. ಜಾರಿಯಾಗಿಬಿಟ್ಟರೆ ಮಾರಾಟವಾಗುವುದು 6,000ಕ್ಕೆ ಕೊಂಡ ಮೂಲ ಷೇರುಗಳೇ. ಹೊಸ ಷೇರು ಖಾತೆಗೆ ಬಂದಮೇಲೆ 850 ಅಂತ ಹೊಸದಾಗಿ ಹಾಕಿ, ಸಂಖ್ಯೆಯನ್ನೂ 10ರಿಂದ 100ಕ್ಕೆ ಬದಲಿಸಿ.